‘ಫೋನ್ ಎತ್ತಿ’ಯಿಂದ ‘ಫೋನ್ ಎತ್ತು’ವರೆಗೆ

ಮೊದಲೇ ಹೇಳಿಬಿಡ್ತೀನಿ, ಇದನ್ನ ಬರೆಯೋಕೆ ನನ್ನ ಹೆಂಡತಿಯ ಒಪ್ಪಿಗೆ ಇದೆ. ಎರಡು ಕಡೆ ಅವಳೇ ತಿದ್ದಿದ್ದಾಳೆ, ಒಂದು ಪ್ಯಾರಾ ಪೂರ್ತಿ ಅಳಿಸಿದ್ದಾಳೆ. ಉಳಿದದ್ದು ಇಲ್ಲಿದೆ :)

ನಂದು ನಂಜನಗೂಡು, ಅವಳದ್ದು ತಿರುಮಕೂಡಲು ನರಸೀಪುರ. ನಮ್ಮೂರ ಕಪಿಲೆ ಹರಿದು ಹೋಗಿ ಅವರೂರಲ್ಲಿ ಕಾವೇರಿ ಸೇರುತ್ತೆ. ಹೆಣ್ಣು ನೋಡೋಕೆ ಹೋದ ದಿನ ನಮ್ಮ ಚಿಕ್ಕಪ್ಪ ಇದನ್ನೇ ದೊಡ್ಡ ಶಕುನ ಅನ್ನೋ ಥರ ಮೂರು ಸಲ ಹೇಳಿದ್ದರು. ಅದು 2024ರ ಜನವರಿ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ಅವರು ನರಸೀಪುರದಲ್ಲಿ ಹೈಸ್ಕೂಲ್ ಟೀಚರ್. (‘ಅವರು’ ಅಂತ ಬರೆದಿದ್ದು ಕೈತಪ್ಪಿ ಅಲ್ಲ. ಆಗ ಅವರು ‘ಅವರು’ ಆಗೇ ಇದ್ದರು. ಎಲ್ಲಿಂದ ‘ಅವಳು’ ಅಂತ ಮುಂದೆ ಹೇಳ್ತೀನಿ.) ಮಾತುಕತೆ ಮುಗಿದ ಮೇಲೆ ನಂಬರ್ ಕೊಟ್ಟುಕೊಂಡು ಬಂದ್ವಿ. ಅವತ್ತು ರಾತ್ರಿ ನನ್ನ ಮೊದಲ ಮೆಸೇಜು: “ಮನೆ ತಲುಪಿದ್ವಿ. ನಿಮಗೆ ಇವತ್ತು ತೊಂದರೆ ಆಯ್ತೇನೋ.” ಅವರ ಉತ್ತರ: “ಇಲ್ಲ, ನೀವು ಏನೂ ತಿನ್ನಲೇ ಇಲ್ಲ.”

ಅವರು ಅಚ್ಚ ಕನ್ನಡ ಲಿಪಿಯಲ್ಲೇ ಟೈಪ್ ಮಾಡ್ತಿದ್ದರು. ಅದನ್ನ ನೋಡಿ ನಾನೂ ಇಂಗ್ಲಿಷ್ ಅಕ್ಷರ ಬಿಟ್ಟು ಕನ್ನಡಕ್ಕೆ ಬಂದೆ. ಈ ಸಣ್ಣ ವಿಷಯ ಆಮೇಲೆ ನನಗೆ ಎಷ್ಟು ಉಪಯೋಗಕ್ಕೆ ಬರುತ್ತೆ ಅಂತ ಆಗ ಗೊತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ನಿಶ್ಚಿತಾರ್ಥ ಆಯ್ತು. ಜುಲೈನಲ್ಲಿ ಕಬಿನಿ ತುಂಬಿತು. ನಂಜನಗೂಡಿನವರಿಗೆ ಹೊಳೆ ಬಂದರೆ ಹಬ್ಬ, ಸೂತಕ ಎರಡೂ ಒಟ್ಟಿಗೆ. ಅಣೆಕಟ್ಟೆಯಿಂದ ನೀರು ಬಿಟ್ಟರು ಅಂದರೆ ಸ್ನಾನಘಟ್ಟದ ಹತ್ತಿರದ ಹದಿನಾರು ಕಾಲು ಮಂಟಪ ಎಲ್ಲಿವರೆಗೆ ಮುಳುಗಿದೆ ಅಂತ ನೋಡಿಕೊಂಡು ಬರೋದು ನಮ್ಮೂರ ವಾಡಿಕೆ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆ ಮೇಲೇ ನೀರು ಹರಿದಿದ್ದನ್ನ ನೋಡಿದವನು ನಾನು. ಈ ಸಲವೂ ಮಂಟಪ ಮುಳುಗಿತು. ನಾನು ಶನಿವಾರ ಊರಿಗೆ ಬಂದವನೇ ಗೆಳೆಯರ ಜೊತೆ ಹೊಳೆ ಕಡೆ ಹೋದೆ. ಫೋನು ಸೈಲೆಂಟಲ್ಲಿತ್ತು. ಒಂದೂವರೆ ಗಂಟೆ ಆದಮೇಲೆ ತೆಗೆದು ನೋಡಿದರೆ ಆರು ಮಿಸ್ಡ್ ಕಾಲ್, ಅದರ ಕೆಳಗೆ ಸಾಲಾಗಿ:

“ಎಲ್ಲಿದ್ದೀರ?”
“ನೀರು ನೋಡೋಕೆ ಹೋಗಿದ್ದೀರಾ?”
“ಫೋನ್ ಎತ್ತಿ.”
“ಫೋನ್ ಎತ್ತಿ ಪ್ಲೀಸ್.”
“ಎತ್ತು ಫೋನು.”
“ಬುದ್ಧಿ ಇದ್ಯಾ ನಿಂಗೆ?”

ಸೇತುವೆ ಹತ್ತಿರ ಆ ಕೆಂಪು ನೀರಿನ ಸದ್ದಿನ ನಡುವೆ ನಿಂತು ಈ ಆರು ಸಾಲು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬೈಸಿಕೊಂಡು ಇಷ್ಟು ಖುಷಿಪಟ್ಟಿದ್ದು ಜೀವನದಲ್ಲಿ ಅದೇ ಮೊದಲು. ಇಲ್ಲಿಂದ ಮುಂದೆ ‘ಅವಳು’.

ಆ ಸಾಲುಗಳನ್ನ ಸ್ವಲ್ಪ ಗಮನಿಸಿ. ‘ನೀವು’ ಹೋಗಿ ‘ನೀನು’ ಒಂದೇ ಏಟಿಗೆ ಬರಲಿಲ್ಲ. ಮೊದಲು ಕ್ರಿಯಾಪದ ಇಳಿಯಿತು, ‘ಎತ್ತಿ’ ಹೋಗಿ ‘ಎತ್ತು’ ಆಯ್ತು. ಸರ್ವನಾಮ ಬಂದದ್ದು ಎಲ್ಲಕ್ಕಿಂತ ಕೊನೆಗೆ, ಅದೂ ‘ನಿಂಗೆ’ ಆಗಿ ವಾಕ್ಯದ ಬಾಲದಲ್ಲಿ. ಕನ್ನಡದಲ್ಲಿ ಸಲಿಗೆ ಬರೋದು ಹೀಗೇ ಅಂತ ಕಾಣುತ್ತೆ, ಹಿತ್ತಿಲ ಬಾಗಿಲಿಂದ.

ಅದಿರಲಿ, ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನ ಬರೀತಾನೇ ಇರಲಿಲ್ಲ.

ಆಗಸ್ಟ್‌ನಲ್ಲಿ ಒಂದು ಭಾನುವಾರ ನಮ್ಮನೇಲಿ ನನ್ನ ಫೋನು ಹಾಲಿನಲ್ಲಿ ಚಾರ್ಜಿಗೆ ಹಾಕಿತ್ತು. ಚಿಕ್ಕಮ್ಮ ಅಲ್ಲೇ ಹೂ ಕಟ್ಟುತ್ತಾ ಕೂತಿದ್ದರು. ಮೆಸೇಜು ಬಂತು. ಚಿಕ್ಕಮ್ಮ ಓದಿದರು, ಓದಿ ಸುಮ್ಮನಿರದೆ ಜೋರಾಗಿ ಹೇಳಿದರು: “ಊಟ ಮಾಡಿದ್ಯೇನೋ?” ಅಡುಗೆಮನೆಯಿಂದ ಅಮ್ಮ ಹೊರಗೆ ಬಂದರು. “ಯಾರದು?” ಚಿಕ್ಕಮ್ಮ ಹೇಳಿದರು. ಅಮ್ಮ ಏನೂ ಮಾತಾಡಲಿಲ್ಲ, ಸೌಟು ಹಿಡಿದುಕೊಂಡು ನಿಂತೇ ಇದ್ದರು. ಚಿಕ್ಕಮ್ಮನೇ ಮುಂದುವರಿಸಿದರು, “ನೀನು ಅಂದಿದ್ರೂ ಹೋಗ್ಲಿ ಅನ್ಬೋದಿತ್ತು ಅಕ್ಕ. ಇದು ‘ಏನೋ’!”

ಸಂಜೆ ಅಮ್ಮ ಒಂದೇ ಮಾತು ಹೇಳಿದರು. “ನಾನು ನಿಮ್ಮಪ್ಪನ್ನ ಒಂದು ದಿನಾನೂ ನೀನು ಅಂದಿಲ್ಲ ಕಣಪ್ಪ.” ಬೈಗುಳ ಅಲ್ಲ, ಜಗಳ ಅಲ್ಲ. ಆದರೆ ನನ್ನ ಧೈರ್ಯ ಅಷ್ಟಕ್ಕೇ ಕರಗಿತು. ರಾತ್ರಿ ಅವಳಿಗೆ ಬರೆದೆ: “ಮನೇಲಿ ಎಲ್ಲರ ಮುಂದೆ ನೀವು ಅಂತ ಕರೀತೀಯಾ? ಮೆಸೇಜಲ್ಲೂ ಸ್ವಲ್ಪ ದಿನ ಹಾಗೇ ಇರಲಿ.”

ನೀಲಿ ಟಿಕ್ ಬಿತ್ತು. ತುಂಬಾ ಹೊತ್ತಾದ ಮೇಲೆ ಉತ್ತರ ಬಂತು.

“ಆಗಲಿ. ನೀವು ಹೇಳಿದ ಹಾಗೆ.”

ಜನವರಿಯಲ್ಲಿದ್ದ ‘ನೀವು’ ಮತ್ತೆ ಬಂದಿತ್ತು, ಆದರೆ ಅದು ಜನವರಿಯದ್ದಲ್ಲ. ಆಗಿನದು ಪರಿಚಯ ಇಲ್ಲದವರ ಮರ್ಯಾದೆ. ಇದು ಬಾಗಿಲು ಹಾಕಿ ಒಳಗಿನಿಂದ ಮಾತಾಡಿದ ಹಾಗೆ. ಅಕ್ಷರ ಎರಡೂ ಒಂದೇ! ಮುಂದಿನ ಒಂದು ವಾರ “ನೀವು ಊಟ ಮಾಡಿದಿರಾ”, “ನಿಮಗೆ ಸಮಯವಾದಾಗ ಕರೆ ಮಾಡಿ” ಅಂತ ಸರ್ಕಾರಿ ಪತ್ರದ ಹಾಗೆ ಬರ್ತಾ ಇತ್ತು. ‘ಮಾಡಿದ್ರಾ’ ಕೂಡ ಅಲ್ಲ, ಪೂರ್ತಿ ‘ಮಾಡಿದಿರಾ’.

ಸಾಫ್ಟ್‌ವೇರ್‌ನವರಿಗೆ ದುಃಖ ಬಂದರೆ ಏನು ಮಾಡ್ತಾರೆ? ಲಾಗ್ ಫೈಲ್ ನೋಡ್ತಾರೆ. ನಾನು ನಮ್ಮಿಬ್ಬರ ಚಾಟನ್ನ ಎಕ್ಸ್‌ಪೋರ್ಟ್ ಮಾಡಿ, ಅವಳ ಸಾಲುಗಳನ್ನ ಒಂದು ಫೈಲಿಗೆ, ನನ್ನವನ್ನ ಇನ್ನೊಂದಕ್ಕೆ ಹಾಕಿ ಹುಡುಕೋಕೆ ಕೂತೆ. ಈ ‘ನೀನು’ ಎಲ್ಲಿಂದ ಶುರುವಾಯ್ತು, ನಾನು ಹಾಳು ಮಾಡಿದ್ದು ನಿಜವಾಗಿ ಏನನ್ನ ಅಂತ ತಿಳಿಯಬೇಕಿತ್ತು.

```
grep -nE "ನೀನು|ನಿಂಗೆ|ನಿನ್ನ" avalu.txt
grep -nE "ನೀವು|ನಿಮಗೆ|ನಿಮ್ಮ" avalu.txt
```

ಮೊದಲನೇದಕ್ಕೆ ಜನವರಿಯಿಂದಲೇ ಸಾಲುಗಳು ಬಂದವು! ಎದೆ ಧಸಕ್ ಅಂತು. ನೋಡಿದರೆ ಎಲ್ಲಾ ‘ನಿನ್ನೆ’. “ನಿನ್ನೆ ಪರೀಕ್ಷೆ ಇತ್ತು”, “ನಿನ್ನೆ ಕರೆಂಟ್ ಇರಲಿಲ್ಲ”. ‘ನಿನ್ನೆ’ಯ ಒಳಗೆ ‘ನಿನ್ನ’ ಕೂತಿರುತ್ತೆ ಅನ್ನೋದು ಯಂತ್ರ ತೋರಿಸೋವರೆಗೆ ಹೊಳೆದಿರಲಿಲ್ಲ. ಎರಡನೇದರಲ್ಲಿ ಇನ್ನೊಂದು ತಮಾಷೆ. ಅವಳು ಏಕವಚನದಲ್ಲಿ ಬರೀತಿದ್ದ ದಿನಗಳಲ್ಲೂ ‘ನಿಮ್ಮ’ ಸಿಗ್ತಾ ಇತ್ತು: “ನಿಮ್ಮಮ್ಮಂಗೆ ಹೇಳಿದ್ಯಾ?”, “ನಿಮ್ಮನೇಲಿ ಮಳೆನಾ?” ಎಷ್ಟೇ ಸಲಿಗೆಯಿರಲಿ, ಅಪ್ಪ ಅಮ್ಮ ಮನೆ ವಿಷಯ ಬಂದಾಗ ನಾವು ‘ನಿನ್ನಮ್ಮ’ ಅನ್ನೋದು ಕಮ್ಮಿ, ‘ನಿಮ್ಮಮ್ಮ’ ಅಂತೀವಿ. ಅಮ್ಮ ಒಬ್ಬನಿಗೆ ಸೇರಿದವಳಲ್ಲ, ಮನೆಗೆಲ್ಲಾ ಸೇರಿದವಳು ಅಂತಲೋ ಏನೋ. ಅದು ಗೌರವದ ಬಹುವಚನ ಅಲ್ಲವೇ ಅಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಮಾತಾಡೋ ಕನ್ನಡದಲ್ಲಿ ಸರ್ವನಾಮವೇ ಕಮ್ಮಿ. “ಯಾವಾಗ ಬರ್ತೀರ?” ಅಂದರೆ ಸಾಕು, ‘ನೀವು’ ಬೇಕಾಗಿಲ್ಲ. ಆದ್ದರಿಂದ ಹುಡುಕಬೇಕಾದ್ದು ಬಾಲವನ್ನ. ‘ೀರ’ ಅಂತ ಹುಡುಕಿದೆ. ಜುಲೈ ತಿಂಗಳ ತುಂಬಾ ಬಂದದ್ದು ‘ನೀರು’! ಕಬಿನಿ ನೀರು, ನೀರು ಬಿಟ್ಟರಂತೆ, ನೀರು ನೋಡೋಕೆ... ನಗು ಬಂತು, ಅಳು ಬರೋ ಥರದ ನಗು. ಕೊನೆಗೆ ‘ತೀರ’, ‘ದ್ದೀರ’ ಅಂತ ಬಿಗಿ ಮಾಡಿದೆ, ಎದುರಿಗೆ ‘ತೀಯ’, ‘ದ್ದೀಯ’. ಭೂತಕಾಲ ಬಂದಾಗ ಅದೂ ಕೈಕೊಟ್ಟಿತು. “ಆಮೇಲೆ ಬಂದೆ” ಅಂದರೆ ‘ನಾನು ಬಂದೆ’ನೂ ಆಗುತ್ತೆ, ‘ನೀನು ಬಂದೆ’ನೂ ಆಗುತ್ತೆ. ನಮ್ಮ ಭಾಷೆ ಅಲ್ಲಿ ನನಗೂ ನಿನಗೂ ಒಂದೇ ಬಾಲ ಕೊಟ್ಟುಬಿಟ್ಟಿದೆ. ಅಂಥ ಸಾಲುಗಳನ್ನ ಕಣ್ಣಲ್ಲೇ ಓದಬೇಕಾಯ್ತು. ನಿಜ ಹೇಳಬೇಕು ಅಂದರೆ ಪೂರ್ತಿ ಚಾಟನ್ನೇ ಓದಿದೆ. ಗ್ರೆಪ್ ಒಂದು ನೆಪ.

ಓದಿದಾಗ ಎರಡು ವಿಷಯ ಕಂಡವು.

ಒಂದು, ಅವಳ ‘ನೀವು’ಗೂ ‘ನೀನು’ಗೂ ಮಧ್ಯೆ ಒಂದು ಖಾಲಿ ಜಾಗ ಇತ್ತು. ಜೂನ್ ಕೊನೆಯಿಂದ ಹೊಳೆ ಬಂದ ದಿನದವರೆಗೆ, ಸುಮಾರು ಮೂರು ವಾರ, ಅವಳ ಮೆಸೇಜುಗಳಲ್ಲಿ ‘ನೀವು’ ಇಲ್ಲ, ‘ನೀನು’ ಇಲ್ಲ, ‘ತೀರ’ ಇಲ್ಲ, ‘ತೀಯ’ ಇಲ್ಲ. ಇದ್ದದ್ದು ಹೀಗೆ: “ಊಟ ಆಯ್ತಾ?” “ಬಸ್ ಸಿಕ್ತಾ?” “ಊರಿಗೆ ಯಾವಾಗ ಬರೋದು?” “ಜ್ವರ ಕಮ್ಮಿ ಆಗಿದ್ಯಾ?” “ರಜಾ ಹಾಕೋಕಾಗಲ್ವಾ?” ಒಂದರಲ್ಲೂ ಕೇಳಿಸಿಕೊಳ್ಳೋನು ದೊಡ್ಡವನೋ, ಸಮಾನನೋ, ಚಿಕ್ಕವನೋ ಗೊತ್ತಾಗಲ್ಲ. “ಊಟ ಮಾಡಿದ್ರಾ” ಅಂದರೆ ಬಹುವಚನ, “ಮಾಡಿದ್ಯಾ” ಅಂದರೆ ಏಕವಚನ, ಆದರೆ “ಊಟ ಆಯ್ತಾ” ಅಂದರೆ ಆಗಿದ್ದು ಊಟ ಮಾತ್ರ! ಊಟಕ್ಕೆ ನೀವು ನೀನು ಇಲ್ಲ. ಈ ಥರ ತಪ್ಪಿಸಿಕೊಂಡು ಓಡಾಡೋಕೆ ಕನ್ನಡದಲ್ಲಿ ಎಷ್ಟೊಂದು ಸಂದಿಗೊಂದಿ ಇದೆ ಅಂತ ನೋಡಿ ಆಶ್ಚರ್ಯ ಆಯ್ತು. ‘ಬರೋದು’, ‘ಬೇಕಾ’, ‘ಆಗುತ್ತಾ’, ‘ಸಿಕ್ತಾ’, ಇವಿಷ್ಟು ಇದ್ದರೆ ತಿಂಗಳುಗಟ್ಟಲೆ ಸಂಸಾರ ಮಾಡಬಹುದು.

ಯಾರಾದರೂ ನಿಮ್ಮ ಜೊತೆ ‘ನೀವು’ಯಿಂದ ‘ನೀನು’ಗೆ ದಾಟುತ್ತಾ ಇದ್ದಾರಾ ಅಂತ ತಿಳಿಯಬೇಕಾದರೆ ‘ನೀನು’ಗೆ ಕಾಯಬೇಡಿ. ‘ನೀವು’ ಮಾಯ ಆಗಿದ್ಯಾ ನೋಡಿ. ಬರೀ ಒಂದು ದಿನ ಮಾಯವಾಗಿದ್ದರೆ ಅರ್ಥವಿಲ್ಲ, ಅವಸರದಲ್ಲಿ ಎಲ್ಲರೂ ಹಾಗೆ ಬರೀತಾರೆ. ಮೊದಲು “ಬಂದ್ರಾ” ಅಂತಿದ್ದ ಜಾಗದಲ್ಲೇ ದಿನಾ “ಬಂದಾಯ್ತಾ” ಬಂದರೆ ಮಾತ್ರ ಲೆಕ್ಕ. ಅಂದರೆ ಹಳೆಯ ಮಾತು ಅವರಿಗೆ ಬಿಗಿ ಆಗ್ತಾ ಇದೆ, ಹೊಸದಕ್ಕೆ ಇನ್ನೂ ಧೈರ್ಯ ಬಂದಿಲ್ಲ.

ಎರಡನೇದು ನನ್ನ ಫೈಲಿನಲ್ಲಿ ಕಂಡದ್ದು. ಅದನ್ನ ಬರೆಯೋಕೆ ಈಗಲೂ ನಾಚಿಕೆ. ನಿಶ್ಚಿತಾರ್ಥದ ಹಿಂದಿನ ರಾತ್ರಿ ನಾನು ಕೇಳಿದ್ದು, “ಮಲಗಿದ್ರಾ?” ನಿಶ್ಚಿತಾರ್ಥದ ದಿನ ರಾತ್ರಿ ಕೇಳಿದ್ದು, “ಮಲಗಿದ್ಯಾ?”

ಅಷ್ಟೇ. ಮಧ್ಯೆ ಖಾಲಿ ಜಾಗ ಇಲ್ಲ, ಒಂದು ದಿನದ “ಊಟ ಆಯ್ತಾ” ಕೂಡ ಇಲ್ಲ. ಉಂಗುರ ಹಾಕಿದ ತಕ್ಷಣ ಸ್ವಿಚ್ ಒತ್ತಿದ ಹಾಗೆ ‘ನೀನು’. ಕೇಳಿರಲಿಲ್ಲ, ಯೋಚಿಸಿರಲಿಲ್ಲ, ಬದಲಾಯಿಸ್ತಾ ಇದ್ದೀನಿ ಅಂತಲೂ ನನಗೆ ಗೊತ್ತಿರಲಿಲ್ಲ. ಅದಕ್ಕೆ ಅವತ್ತು ಅವಳ ಉತ್ತರ: “ಇಲ್ಲ. ನೀವು ಊಟ ಮಾಡಿದ್ರಾ?” ಹೀಗೆ ಮೂರು ತಿಂಗಳು ನಾನು ‘ನೀನು’ ಅಂತ, ಅವಳು ‘ನೀವು’ ಅಂತ. ಅದನ್ನೇ ನಾನು ಹತ್ತಿರ ಆಗಿದ್ದೀವಿ ಅಂದುಕೊಂಡಿದ್ದೆ.

ನಮ್ಮ ಕಡೆಯವರಿಗೆ ಇನ್ನೊಂದು ಥರದ ‘ನೀನು’ ಗೊತ್ತಿದೆ. ಗದ್ದೆ ಕೆಲಸಕ್ಕೆ ಬಂದ ಅರವತ್ತು ವರ್ಷದ ಮುದುಕರನ್ನ ಹತ್ತು ವರ್ಷದ ಹುಡುಗ “ಏ, ಬಾ ಇಲ್ಲಿ” ಅಂತ ಕರೆಯೋದು, ಅವರು “ಬಂದೆ ಬುದ್ಧಿ” ಅನ್ನೋದು, ಇದನ್ನ ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದೀನಿ. ಅದಕ್ಕೆ ಯಾರೂ ಸಲಿಗೆ ಅನ್ನಲ್ಲ. ಒಂದೇ ‘ನೀನು’, ಇಬ್ಬರೂ ಹೇಳಿದರೆ ಸ್ನೇಹ, ಒಬ್ಬನೇ ಹೇಳಿದರೆ ದರ್ಪ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಅನ್ನೋರು ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳ ನೀನು–ನೀವುಗಳ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನೇ ಹೇಳಿದ್ದಾರೆ. ಎರಡೂ ಕಡೆ ಒಂದೇ ಆದರೆ ಅದು ಒಗ್ಗಟ್ಟಿನ ಮಾತು, ಬೇರೆ ಬೇರೆ ಆದರೆ ಅಧಿಕಾರದ ಮಾತು. ಇಬ್ಬರೂ ‘ನೀನು’ ಅನ್ನೋಣ ಅಂತ ಮೊದಲು ಸೂಚಿಸೋ ಹಕ್ಕು ಮೇಲಿನವರದ್ದು ಅಂತಲೂ ಬರೆದಿದ್ದಾರೆ. ಆ ಲೆಕ್ಕದಲ್ಲಿ ನಾನು ಮಾಡಬೇಕಾಗಿದ್ದು ಒಂದೇ ಕೆಲಸ, “ನೀನೂ ನನ್ನನ್ನ ನೀನು ಅನ್ನು” ಅಂತ ಹೇಳೋದು. ಅದನ್ನ ನಾನು ಹೇಳಲಿಲ್ಲ. ಅವಳೇ ಹೊಳೆ ನೀರಿನ ಭಯದಲ್ಲಿ ದಾಟಿ ಬಂದಳು. ಬಂದವಳನ್ನ ನಾನು ವಾಪಸ್ ಕಳಿಸಿದ್ದೆ.

ಮುಂದಿನ ಭಾನುವಾರ ಸುತ್ತೂರು ದಾರಿಯ ಬಸ್ಸು ಹಿಡಿದು ನರಸೀಪುರಕ್ಕೆ ಹೋದೆ. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದಲ್ಲಿ ಸಿಕ್ಕಳು. ಅಲ್ಲಿನ ಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಪ್ರತೀತಿ. ನಾನು ಏನೇನೋ ತಯಾರಿ ಮಾಡಿಕೊಂಡು ಹೋಗಿದ್ದೆ, ಗ್ರೆಪ್ ಕಥೆ ಎಲ್ಲಾ. ಅವಳು ಪೂರ್ತಿ ಕೇಳಿ ಹೇಳಿದಳು:

“ನೀವು ನನ್ನ ಕೇಳದೆ ನೀನು ಅಂದ್ರಿ. ನಾನು ಅಷ್ಟು ದಿನ ಯೋಚನೆ ಮಾಡಿ, ಹೆದರಿ, ಆಮೇಲೆ ಅಂದೆ. ಅದನ್ನ ಒಂದು ಮೆಸೇಜಲ್ಲಿ ವಾಪಸ್ ಕೊಡಿ ಅಂದುಬಿಟ್ರಿ.”

“ಚಿಕ್ಕಮ್ಮ ಓದಿದ್ದು...” ಅಂದೆ.

“ಓದಲಿ. ನಿಮ್ಮಮ್ಮಂಗೆ ಬೇಜಾರಾದ್ರೆ ಅವರ ಮುಂದೆ ನಾನು ಬೇರೆ ಥರ ಮಾತಾಡ್ತೀನಿ, ಅದಕ್ಕೇನಂತೆ. ನಮ್ಮಿಬ್ಬರ ಮಧ್ಯೆ ಮಾತ್ರ ಒಂದೋ ಇಬ್ಬರೂ ನೀನು, ಇಲ್ಲಾ ಇಬ್ಬರೂ ನೀವು.”

ಇಬ್ಬರೂ ನೀವು ಅಂತ ತೀರ್ಮಾನ ಆಯ್ತು. ತೀರ್ಮಾನ ಅವಳದ್ದು. “ಆಮೇಲೆ ನೋಡೋಣ” ಅಂದಳು. ವಾಪಸ್ ಬಸ್ಸಿನಲ್ಲಿ ನಾನು ಬರೆದೆ: “ಬಸ್ ಹತ್ತಿದೆ. ನೀವು ಮನೆಗೆ ಹೋದ್ರಾ?” ಏಪ್ರಿಲ್ ಆದಮೇಲೆ ಮೊದಲ ಸಲ. ಬೆರಳು ಎಷ್ಟು ತಡವರಿಸಿತು ಅಂದರೆ ‘ಹೋದ್ಯಾ’ ಅಂತ ಬಂದದ್ದನ್ನ ಎರಡು ಸಲ ಅಳಿಸಿದೆ. ಅವಳಿಗೆ ‘ನೀವು’ ಅನ್ನೋಕೆ ನನಗೆ ಯಾಕಷ್ಟು ಕಷ್ಟ ಅಂತ ಯೋಚಿಸುತ್ತಾ ಊರು ಬಂದದ್ದೇ ಗೊತ್ತಾಗಲಿಲ್ಲ. ಒಂದು ಗುಲಗಂಜಿಯಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ. ತೂಗಿದರೆ ಅಷ್ಟಿರಲಿಲ್ಲ.

ಹನ್ನೆರಡು ದಿನ ಹೀಗೆ ನಡೀತು. ಹದಿಮೂರನೇ ದಿನ ಶುಕ್ರವಾರ ಸಂಜೆ, ನಾನು ಊರಿಗೆ ಹೊರಟಿದ್ದೆ, ಮೆಸೇಜು ಬಂತು.

“ನಾಳೆ ಬರೋವಾಗ ರಸಬಾಳೆ ಸಿಕ್ಕಿದರೆ ತಗೊಂಡ್ ಬಾ.”

ನಂಜನಗೂಡಿನ ರಸಬಾಳೆ ಈಗ ನಂಜನಗೂಡಲ್ಲೇ ಸಿಗೋದು ಕಷ್ಟ. ಅದು ಬೇರೆ ಕಥೆ. ನಾನು ಆ ‘ಬಾ’ ನೋಡುತ್ತಾ ಕೂತೆ. ಉತ್ತರ ಏನು ಬರೀಬೇಕು? ಕೊನೆಗೆ ನಾನೂ ಸಂದಿಯಲ್ಲೇ ನುಗ್ಗಿದೆ: “ಸರಿ. ಎಷ್ಟು ಬೇಕು?”

“ಒಂದು ಚಿಪ್ಪು. ಇನ್ಮೇಲೆ ನೀನೂ ಹೇಳಬಹುದು.”

ಆ ವರ್ಷದ ಕೊನೆಯಲ್ಲಿ ನಮ್ಮ ಮದುವೆ ಆಯ್ತು. ಈಗ ಅಮ್ಮನ ಮುಂದೆ ಅವಳು ‘ನೀವು’ ಅನ್ನಲ್ಲ, ‘ನೀನು’ನೂ ಅನ್ನಲ್ಲ. “ಕಾಫಿ ಬೇಕಂತಾ?”, “ಹೊರಡೋದು ಎಷ್ಟೊತ್ತಿಗೆ?” ಅಂತ ಆ ಮೂರು ವಾರದ ಕನ್ನಡ ಮಾತಾಡ್ತಾಳೆ. ಅಮ್ಮನಿಗೆ ಗೊತ್ತಾಗಿಲ್ಲ ಅಂದುಕೊಂಡಿದ್ದೆ.

ಮೊನ್ನೆ ಅಪ್ಪನ ಫೋನಿನಲ್ಲಿ ಜಾಗ ಖಾಲಿ ಮಾಡಿಕೊಡು ಅಂತ ಕೊಟ್ಟರು. ಗುಡ್ ಮಾರ್ನಿಂಗ್ ಚಿತ್ರಗಳನ್ನ ಅಳಿಸುವಾಗ ಅಮ್ಮ ಅಪ್ಪನಿಗೆ ಕಳಿಸಿದ ಮೆಸೇಜುಗಳು ಕಣ್ಣಿಗೆ ಬಿದ್ದವು. ಓದಬಾರದಿತ್ತು, ಓದಿದೆ. ‘ನೀವು’ ಹುಡುಕಿದೆ, ಸಿಗಲಿಲ್ಲ. ‘ರೀ’ ಹುಡುಕಿದೆ, ಅದೂ ಸಿಗಲಿಲ್ಲ.

“ಮಾತ್ರೆ ತಗೊಂಡಾಯ್ತಾ”
“ಬರುವಾಗ ಹಾಲು”
“ಮಳೆ ಬರೋ ಹಾಗಿದೆ ಛತ್ರಿ ಇದೆಯಾ”
“ಇನ್ನೂ ಬರಲಿಲ್ಲ”

ಮೂವತ್ತು ವರ್ಷದ ಮೇಲಾಯ್ತು ಅವರ ಮದುವೆಯಾಗಿ. ಒಂದು ದಿನಾನೂ ನೀನು ಅಂದಿಲ್ಲ ಅಂತ ಅಮ್ಮ ಹೇಳಿದ್ದು ನಿಜವೇ. ನಂಜುಂಡೇಶ್ವರನಿಗೆ ಕೈಮುಗಿಯುವಾಗ ಮಾತ್ರ “ನೀನೇ ನೋಡ್ಕೋಪ್ಪಾ” ಅಂತಾರೆ. ಅಪ್ಪನ ಹತ್ತಿರ ಅವರು ಇಷ್ಟು ವರ್ಷ ಎಲ್ಲಿ ನಿಂತು ಮಾತಾಡ್ತಾ ಇದ್ದರು ಅಂತ ನನಗೆ ಈಗ ಗೊತ್ತಾಯ್ತು.

ಒಂದನ್ನೂ ಅಳಿಸದೆ ಫೋನು ವಾಪಸ್ ಕೊಟ್ಟೆ. “ಆಯ್ತೇನೋ?” ಅಂದರು ಅಪ್ಪ. “ಆಯ್ತು” ಅಂದೆ.